ಫುಲ್ ಇನ್ಶೂರೆನ್ಸ್ ಇದ್ದರೂ ಕೈಯಿಂದ ಎಷ್ಟು ಹೋಗುತ್ತದೆ? ಕಾರಿನ ಪಾಲಿಸಿ ಓದುವ ಬಗೆ

ದಾವಣಗೆರೆಯ ಪಿ.ಬಿ. ರೋಡಿನ ಯಾವ ಗ್ಯಾರೇಜಿಗೆ ಹೋದರೂ ಈ ಜಗಳ ಕಿವಿಗೆ ಬೀಳುತ್ತದೆ. "ಫುಲ್ ಇನ್ಶೂರೆನ್ಸ್ ಮಾಡ್ಸಿದೀನಿ, ಮತ್ಯಾಕ್ ದುಡ್ಡು ಕೇಳ್ತೀರಿ?" "ಅಣ್ಣಾ, ಕಂಪನಿ ಇಷ್ಟೇ ಪಾಸ್ ಮಾಡಿದ್ದು." ಇಬ್ಬರ ಮಾತೂ ಸುಳ್ಳಲ್ಲ. ಪಾಲಿಸಿಯ ಮೊದಲ ಎರಡು ಪುಟವನ್ನು ಯಾರೂ ಓದಿರುವುದಿಲ್ಲ, ಅಷ್ಟೇ. ಈಗ ಅದನ್ನು ತೆಗೆದು ಮುಂದಿಟ್ಟುಕೊಳ್ಳಿ.

ಮೊದಲು ಪ್ರೀಮಿಯಂ. ಇದು ನೀವು ವರ್ಷಕ್ಕೆ ಕಟ್ಟುವ ದುಡ್ಡು. ಇದರಲ್ಲಿ ಎರಡು ಭಾಗ. ಥರ್ಡ್ ಪಾರ್ಟಿ ಭಾಗ ನಿಮ್ಮಿಂದ ಬೇರೆಯವರಿಗೆ ಆದ ಹಾನಿಗೆ. ಅದರ ದರವನ್ನು ಸರ್ಕಾರವೇ ಗೊತ್ತು ಮಾಡುವುದರಿಂದ ಚೌಕಾಸಿಗೆ ಜಾಗವಿಲ್ಲ. ಓನ್ ಡ್ಯಾಮೇಜ್ ಭಾಗ ನಿಮ್ಮ ಗಾಡಿಗೆ. ಏಜೆಂಟ್ "ಎರಡು ಸಾವಿರ ಕಮ್ಮಿ ಮಾಡಿಸಿದೀನಿ ಸಾರ್" ಎಂದರೆ ಈ ಭಾಗದಲ್ಲೇ ಏನೋ ಕತ್ತರಿಸಿದ್ದಾರೆ ಎಂದರ್ಥ. ಹೆಚ್ಚಾಗಿ ಒಂದೋ ಐಡಿವಿ, ಅಂದರೆ ಗಾಡಿಗೆ ಕಟ್ಟಿದ ಬೆಲೆ, ಇಳಿಸಿರುತ್ತಾರೆ. ಇಲ್ಲವೇ ಡಿಡಕ್ಟಿಬಲ್ ಏರಿಸಿರುತ್ತಾರೆ.

ಜನ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. ಡಿಡಕ್ಟಿಬಲ್ ಎಂದರೆ ಪ್ರತಿ ಕ್ಲೇಮಿನಲ್ಲೂ ಮೊದಲು ನಿಮ್ಮ ಜೇಬಿನಿಂದ ಹೋಗುವ ಮೊತ್ತ. ವರ್ಷಕ್ಕೊಮ್ಮೆ ಅಲ್ಲ, ಪ್ರತಿ ಸಲವೂ. ಕಂಪಲ್ಸರಿ ಡಿಡಕ್ಟಿಬಲ್ ಎಲ್ಲರಿಗೂ ಇರುತ್ತದೆ: 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ವಾಲಂಟರಿ ಡಿಡಕ್ಟಿಬಲ್ ನೀವು ಒಪ್ಪಿಕೊಂಡಿದ್ದರೆ ಮಾತ್ರ, ಅಥವಾ ನಿಮ್ಮ ಪರವಾಗಿ ಏಜೆಂಟ್ ಒಪ್ಪಿಕೊಂಡಿದ್ದರೆ!

ಇದರ ಜೊತೆಗೆ ಡಿಪ್ರಿಸಿಯೇಷನ್, ಅಂದರೆ ಸವಕಳಿ ಕಡಿತವೂ ಉಂಟು. ಹಳೆ ಭಾಗ ತೆಗೆದು ಹೊಸದು ಹಾಕಿದರೆ ಕಂಪನಿ ಪೂರ್ತಿ ಬೆಲೆ ಕೊಡುವುದಿಲ್ಲ. ಪ್ಲಾಸ್ಟಿಕ್, ರಬ್ಬರಿಗೆ ಅರ್ಧಕ್ಕರ್ಧ ಕಡಿತ. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ.

ಒಂದು ಉದಾಹರಣೆ ತಗೊಳ್ಳಿ. ಮೂರೂವರೆ ವರ್ಷದ 1,200 ಸಿಸಿ ಕಾರು ಹೈವೇಯಲ್ಲಿ ಮುಂದಿನ ಟ್ರ್ಯಾಕ್ಟರ್ ಟ್ರೇಲರಿಗೆ ಗುದ್ದಿತು ಅನ್ನಿ. ಬಂಪರ್ 8,000, ಬಾನೆಟ್ 12,000, ಮುಂದಿನ ಗಾಜು 6,000, ಮಜೂರಿ 4,000. ಒಟ್ಟು 30,000. ಪೇಂಟಿನ ಲೆಕ್ಕ ಬೇರೆ, ಸದ್ಯಕ್ಕೆ ಬಿಡೋಣ. ಬಂಪರ್ ಪ್ಲಾಸ್ಟಿಕ್, 4,000 ಕಡಿತ. ಬಾನೆಟ್ ಲೋಹ, ಈ ವಯಸ್ಸಿಗೆ ಶೇ 25, ಅಂದರೆ 3,000 ಕಡಿತ. ಗಾಜಿಗೂ ಮಜೂರಿಗೂ ಕಡಿತವಿಲ್ಲ. ಉಳಿದದ್ದು 23,000. ಅದರಲ್ಲಿ ಡಿಡಕ್ಟಿಬಲ್ 1,000 ಹೋಗಿ ಕಂಪನಿ ಕೊಡುವುದು 22,000. ನಿಮ್ಮ ಕೈಯಿಂದ 8,000. ವಾಲಂಟರಿ 5,000 ಕೂಡ ಇದ್ದರೆ 13,000! ಪ್ರೀಮಿಯಂನಲ್ಲಿ ಉಳಿಸಿದ್ದು ಒಂದೇ ಗುದ್ದಿಗೆ ಹೋಯಿತು ಅಲ್ವಾ? ದಿನಾ ಹೈವೇ ಮೇಲೆ ಓಡಾಡುವವರು ವಾಲಂಟರಿ ಡಿಡಕ್ಟಿಬಲ್ ತಗೊಳ್ಳಲೇಬೇಡಿ.

ಇನ್ನೊಂದು ಮಾತು. ಸಣ್ಣ ಗೀರಿಗೆಲ್ಲ ಸುಮ್ನೆ ಕ್ಲೇಮ್ ಹಾಕಬೇಡಿ. 1,800 ರೂಪಾಯಿ ಬಿಲ್ಲಿಗೆ ಕಂಪನಿಯಿಂದ ಬರುವುದು 800. ಆದರೆ ಕ್ಲೇಮ್ ಇಲ್ಲದ್ದಕ್ಕೆ ಮುಂದಿನ ವರ್ಷ ಸಿಗಬೇಕಿದ್ದ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂ ರಿಯಾಯಿತಿ, ಹೋಗುತ್ತದೆ.

ರೈಡರ್ ಎಂದರೆ ಹೆಚ್ಚುವರಿ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ. ಕಾರಿನ ಪಾಲಿಸಿಯಲ್ಲಿ ಇದನ್ನು ಆಡ್-ಆನ್ ಎಂದು ಅಚ್ಚು ಹಾಕಿರುತ್ತಾರೆ. ಐದು ವರ್ಷದೊಳಗಿನ ಗಾಡಿಗೆ ಜೀರೋ ಡಿಪ್ರಿಸಿಯೇಷನ್ ಕಡ್ಡಾಯ ಎಂದೇ ಹೇಳುತ್ತೇನೆ. ಮೇಲಿನ ಲೆಕ್ಕದಲ್ಲಿ ಅದಿದ್ದಿದ್ದರೆ ಆ 7,000 ಕಡಿತ ಇರುತ್ತಿರಲಿಲ್ಲ, ಬರೀ 1,000 ಹೋಗುತ್ತಿತ್ತು. ಇದನ್ನೇ ಬಂಪರ್ ಟು ಬಂಪರ್ ಎಂದು ಮಾರುತ್ತಾರೆ. ಆದರೆ ಆಯಿಲ್, ಕೂಲೆಂಟ್, ನಟ್ಟು ಬೋಲ್ಟಿನ ದುಡ್ಡು ಇದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ವರ್ಷಕ್ಕೆ ಎಷ್ಟು ಕ್ಲೇಮಿಗೆ ಸಿಗುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ಕೀ ಕಳೆದರೆ ದುಡ್ಡು ಕೊಡುವ ರೈಡರ್ ನನಗಂತೂ ದಂಡ ಅನ್ನಿಸುತ್ತದೆ.

ಕೊನೆಗೆ ಎಕ್ಸ್‌ಕ್ಲೂಷನ್, ಅಂದರೆ ಕಂಪನಿ ಕೊಡುವುದೇ ಇಲ್ಲ ಎಂದು ಮೊದಲೇ ಬರೆದಿಟ್ಟ ಪಟ್ಟಿ. ಕುಡಿದು ಓಡಿಸಿದ್ದು, ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಎರಡು. ಮದುವೆ ಸೀಸನ್ನಿನಲ್ಲಿ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟು ಅಪಘಾತವಾದರೆ, ಸ್ವಂತ ಬಳಕೆಗೆ ಮಾತ್ರ ಎಂಬ ಷರತ್ತು ಮುರಿದಂತೆ. ಕ್ಲೇಮ್ ತಿರಸ್ಕಾರವಾಗುತ್ತದೆ.

ಎರಡನೆಯದು ಮಳೆ ನೀರು. ರೈಲ್ವೆ ಅಂಡರ್‌ಪಾಸ್‌ನ ನೀರಿನಲ್ಲಿ ಗಾಡಿ ನಿಂತಿತು ಅನ್ನಿ. ಹತ್ತರಲ್ಲಿ ಒಂಬತ್ತು ಜನ ಮತ್ತೆ ಮತ್ತೆ ಸ್ಟಾರ್ಟ್ ಮಾಡುತ್ತಾರೆ. ಆಗ ಇಂಜಿನ್ ಒಳಗೆ ನೀರು ಸೇರಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ನೀರಿನಿಂದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಎಂದು ಕಂಪನಿ ಕೈ ತೊಳೆದುಕೊಳ್ಳುತ್ತದೆ. ಇದಕ್ಕೆಂದೇ ಇಂಜಿನ್ ಪ್ರೊಟೆಕ್ಷನ್ ರೈಡರ್ ಇದೆ. ಅದಿರಲಿ ಇಲ್ಲದಿರಲಿ, ಕೀ ಮುಟ್ಟಬೇಡಿ. ಗಾಡಿಯನ್ನು ಹೊರಗೆ ತಳ್ಳಿಸಿ, ನೀರಿನ ಗುರುತು ಕಾಣುವಂತೆ ಫೋಟೋ ತೆಗೆದು, ಟೋ ಮಾಡಿಸಿ. ಹಾನಿ ಅಳೆಯುವ ಸರ್ವೇಯರ್ ಬಂದು ನೋಡುವವರೆಗೆ ಗ್ಯಾರೇಜಿನವರಿಗೆ ಒಂದು ಬೋಲ್ಟೂ ಬಿಚ್ಚಲು ಬಿಡಬೇಡಿ.