ಮೂರು ಸೆನ್ಸರ್‌ಗಳ ತೂಕದ ಸರಾಸರಿ: ಕಾಫಿ ಒಣಗಿಸುವ ಪಾಲಿಹೌಸ್‌ಗೆ ಒಂದು ಸಮ್ಮಿಂಗ್ ಆಂಪ್ಲಿಫೈಯರ್

ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಪಾರ್ಚ್‌ಮೆಂಟ್ ಕಾಫಿ ಒಣಗಿಸಲು ಪಾಲಿಹೌಸ್ ಇದೆ ಅಂದುಕೊಳ್ಳಿ. ಒಳಗೆ ಬಿಸಿ ಜಾಸ್ತಿಯಾದರೆ ಫ್ಯಾನ್ ಓಡಬೇಕು. ಆದರೆ ಬಾಗಿಲ ಹತ್ತಿರ 30 ಡಿಗ್ರಿ, ನಡುವೆ 36, ಹಿಂದಿನ ಮೂಲೆಯಲ್ಲಿ 34. ಯಾವುದನ್ನು ನಂಬುವುದು? ಅರ್ಧದಷ್ಟು ಕಾಫಿ ನಡುವಿನ ಮೇಜುಗಳ ಮೇಲಿದೆ, ಉಳಿದದ್ದು ಎರಡೂ ತುದಿಯಲ್ಲಿ ಕಾಲು ಕಾಲು. ಹಾಗಾದರೆ ನಡುವಿನ ಸೆನ್ಸರ್‌ಗೆ ಅರ್ಧ ತೂಕ, ಉಳಿದೆರಡಕ್ಕೆ ಕಾಲು ತೂಕ ಕೊಡುವುದು ಸರಿ ಅಲ್ವಾ? ಇದನ್ನು ಒಂದು ಆಪ್‌ಆಂಪ್ ಮತ್ತು ಕೆಲವು ರೆಸಿಸ್ಟರ್‌ಗಳಿಂದ ಮಾಡಬಹುದು.

ಮೊದಲು ಲೆಕ್ಕ. ಎಲ್‌ಎಂ35 ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ನಮಗೆ ಡಿಗ್ರಿಗೆ 100 ಮಿಲಿವೋಲ್ಟ್ ಇದ್ದರೆ ಓದಲು ಸುಲಭ. ಅಂದರೆ ತೂಕಗಳನ್ನು ಹತ್ತರಿಂದ ಗುಣಿಸಿ 5, 2.5, 2.5 ಮಾಡಿಕೊಳ್ಳಬೇಕು:

```
Vout = -(5*V1 + 2.5*V2 + 2.5*V3)
5*0.36 + 2.5*0.30 + 2.5*0.34 = 3.40 V
```

ಇಲ್ಲಿ V1 ನಡುವಿನ ಸೆನ್ಸರ್, V2 ಬಾಗಿಲ ಬಳಿಯದ್ದು, V3 ಹಿಂದಿನ ಮೂಲೆಯದ್ದು. ಮೈನಸ್ ಚಿಹ್ನೆಯನ್ನು ಕೊನೆಯಲ್ಲಿ ತಿರುಗಿಸುತ್ತೇವೆ. 3.40 ವೋಲ್ಟ್ ಅಂದರೆ 34 ಡಿಗ್ರಿ. ಮೂರೂ ಸೆನ್ಸರ್‌ಗಳು ಒಂದೊಂದು ಇನ್‌ಪುಟ್ ರೆಸಿಸ್ಟರ್ ಮೂಲಕ ಆಪ್‌ಆಂಪ್‌ನ ಮೈನಸ್ ಪಿನ್‌ಗೆ ಸೇರುತ್ತವೆ, ಔಟ್‌ಪುಟ್‌ನಿಂದ ಅದೇ ಪಿನ್‌ಗೆ ಮರಳುವುದು ಫೀಡ್‌ಬ್ಯಾಕ್ ರೆಸಿಸ್ಟರ್. ಒಂದೊಂದು ತೂಕವೂ ಫೀಡ್‌ಬ್ಯಾಕ್ ರೆಸಿಸ್ಟರನ್ನು ಆಯಾ ಇನ್‌ಪುಟ್ ರೆಸಿಸ್ಟರ್‌ನಿಂದ ಭಾಗಿಸಿದರೆ ಬರುವ ಸಂಖ್ಯೆ. ಫೀಡ್‌ಬ್ಯಾಕ್‌ಗೆ 100 ಕಿಲೋಓಮ್ ಇಟ್ಟರೆ ನಡುವಿನ ಸೆನ್ಸರ್‌ಗೆ 20 ಕಿಲೋಓಮ್, ತುದಿಯವಕ್ಕೆ 40 ಕಿಲೋಓಮ್ ಬೇಕು. ಆಪ್‌ಆಂಪ್‌ನ ಪ್ಲಸ್ ಪಿನ್ ಗ್ರೌಂಡ್‌ಗೆ ಹೋಗುತ್ತದೆ. ಮೈನಸ್ ಪಿನ್ ಕೂಡ ಸೊನ್ನೆ ವೋಲ್ಟ್‌ನಲ್ಲೇ ನಿಲ್ಲುವುದರಿಂದ ಒಂದು ಸೆನ್ಸರ್ ಇನ್ನೊಂದನ್ನು ಎಳೆಯುವುದಿಲ್ಲ. ಈ ಸರ್ಕ್ಯೂಟ್‌ನ ದೊಡ್ಡ ಗುಣ ಇದೇ.

ತುಂಬಾ ಜನ ಎಡವುವುದು ಮುಂದಿನ ವಿಷಯದಲ್ಲಿ. ಲೆಕ್ಕಕ್ಕೆ ಬರುವುದು ಬೋರ್ಡ್ ಮೇಲಿನ ರೆಸಿಸ್ಟರ್ ಮಾತ್ರ ಅಲ್ಲ. ಸೆನ್ಸರ್‌ನ ಒಳಗಿನಿಂದ ಮೈನಸ್ ಪಿನ್‌ವರೆಗಿನ ಪೂರ್ತಿ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರುತ್ತದೆ. ಎಲ್‌ಎಂ35ಗೆ ಉದ್ದದ ವೈರ್ ಹಾಕಿದರೆ ಅದರ ಔಟ್‌ಪುಟ್ ತಾನಾಗಿಯೇ ಅಲುಗಾಡತೊಡಗಬಹುದು. ಅದಕ್ಕೆ ಸೆನ್ಸರ್ ಬುಡದಲ್ಲೇ 2 ಕಿಲೋಓಮ್ ಸೇರಿಸುವುದು ರೂಢಿ. ಹಾಗಾಗಿ ನಡುವಿನ ದಾರಿಗೆ ಸೆನ್ಸರ್ ಬಳಿ 2, ಬೋರ್ಡ್ ಮೇಲೆ 18 ಕಿಲೋಓಮ್ ಹಾಕಿ. ತುದಿಯ ದಾರಿಗಳಿಗೆ ಸೆನ್ಸರ್ ಬಳಿ 2, ಬೋರ್ಡ್ ಮೇಲೆ 18 ಮತ್ತು 20 ಸರಣಿಯಲ್ಲಿ. ಎಲ್ಲವೂ ಅಂಗಡಿಯಲ್ಲಿ ಸಿಗುವ ಓಮ್ ಮೌಲ್ಯಗಳೇ. ಎಲ್‌ಎಂ35 ಬದಲು 10 ಕಿಲೋಓಮ್‌ನ ಥರ್ಮಿಸ್ಟರ್ ಡಿವೈಡರ್ ಜೋಡಿಸಿದರೆ ಅದರದ್ದೇ ಸುಮಾರು 5 ಕಿಲೋಓಮ್ ಸೇರಿಕೊಂಡು 5 ಇರಬೇಕಾದ ತೂಕ 4 ಆಗಿಬಿಡುತ್ತದೆ. ಅಂಥ ಸೆನ್ಸರ್‌ಗೆ ಮಧ್ಯೆ ಬಫರ್, ಅಂದರೆ ವೋಲ್ಟೇಜನ್ನು ಹಾಗೇ ದಾಟಿಸಿ ಸೆನ್ಸರ್‌ನ ರೆಸಿಸ್ಟೆನ್ಸನ್ನು ಮರೆಮಾಡುವ ಇನ್ನೊಂದು ಆಪ್‌ಆಂಪ್, ಬೇಕೇ ಬೇಕು. ರೆಸಿಸ್ಟರ್‌ಗಳು ಶೇ 1ರವು ಇರಲಿ. ಶೇ 5ರದ್ದಾದರೆ ಫೀಡ್‌ಬ್ಯಾಕ್ ರೆಸಿಸ್ಟರ್ ಒಂದರಿಂದಲೇ 34 ಡಿಗ್ರಿಯಲ್ಲಿ 1.7 ಡಿಗ್ರಿ ತಪ್ಪಾಗಬಹುದು.

ಈಗ ಆಪ್‌ಆಂಪ್ ಆಯ್ಕೆ. ಮೂರು ಇನ್‌ಪುಟ್ ರೆಸಿಸ್ಟರ್‌ಗಳು ಒಟ್ಟಿಗೆ ಸಮಾನಾಂತರದಲ್ಲಿ 10 ಕಿಲೋಓಮ್. ಆದ್ದರಿಂದ ಆಪ್‌ಆಂಪ್‌ನ ಆಫ್‌ಸೆಟ್, ಅಂದರೆ ಅದರ ಇನ್‌ಪುಟ್‌ನಲ್ಲೇ ಇರುವ ಸಣ್ಣ ತಪ್ಪು ವೋಲ್ಟೇಜ್, 11 ಪಟ್ಟು ದೊಡ್ಡದಾಗಿ ಹೊರಬರುತ್ತದೆ. ಇನ್‌ಪುಟ್‌ಗಳ ಸಂಖ್ಯೆ ಹೆಚ್ಚಿಸಿದಷ್ಟೂ ಈ ಪಟ್ಟು ಏರುತ್ತದೆ. ಅಗ್ಗದ ಎಲ್‌ಎಂ358ನ ಆಫ್‌ಸೆಟ್ 7 ಮಿಲಿವೋಲ್ಟ್‌ವರೆಗೂ ಇರಬಹುದು. 11 ಪಟ್ಟಾದರೆ 77 ಮಿಲಿವೋಲ್ಟ್, ಅಂದರೆ ಮುಕ್ಕಾಲು ಡಿಗ್ರಿ. ಒಪಿ07 ಹಾಕಿದರೆ ಈ ತಪ್ಪು ಎರಡು ಮಿಲಿವೋಲ್ಟ್ ಆಸುಪಾಸಿನಲ್ಲೇ ಉಳಿಯುತ್ತದೆ. ನಾನಂತೂ ಇಲ್ಲಿ ಒಪಿ07 ಬಿಟ್ಟು ಬೇರೆ ಹಾಕುವುದಿಲ್ಲ.

ಔಟ್‌ಪುಟ್ ನೆಗೆಟಿವ್ ಬರುವುದರಿಂದ ಪ್ಲಸ್ 12 ಮತ್ತು ಮೈನಸ್ 12 ವೋಲ್ಟ್ ಎರಡೂ ಬೇಕು. ಹಿಂದೆಯೇ ಇನ್ನೊಂದು ಒಪಿ07ಗೆ ಎರಡು 10 ಕಿಲೋಓಮ್ ಹಾಕಿ ಚಿಹ್ನೆ ತಿರುಗಿಸಿ. ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಅಡ್ಡಲಾಗಿ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಇಟ್ಟರೆ ಮೋಟಾರ್ ಲೈನ್‌ನ 50 ಹರ್ಟ್ಸ್ ಗುಂಯ್ ಸುಮಾರು ಮೂವತ್ತರಲ್ಲಿ ಒಂದು ಪಾಲಾಗುತ್ತದೆ. ಫ್ಯಾನ್ ಓಡಿಸುವ ಆರ್ಡುಯಿನೊ ಬೋರ್ಡ್‌ಗೆ ಕೊಡುವ ಮುಂಚೆ 10 ಕಿಲೋಓಮ್ ಸರಣಿಯಲ್ಲಿ, ಆಮೇಲೆ 5 ವೋಲ್ಟ್‌ಗೂ ಗ್ರೌಂಡ್‌ಗೂ ಒಂದೊಂದು ಶಾಟ್ಕಿ ಡಯೋಡ್ ಇರಲಿ. 50 ಡಿಗ್ರಿ ದಾಟಿದರೆ ಔಟ್‌ಪುಟ್ 5 ವೋಲ್ಟ್ ಮೀರುತ್ತದೆ.

ಪರೀಕ್ಷೆಗೆ ಸೆನ್ಸರ್‌ಗಳನ್ನು ಬಿಚ್ಚಿ, 2 ಕಿಲೋಓಮ್ ಹಾಗೇ ಉಳಿಸಿ, ಮೂರೂ ದಾರಿಗಳನ್ನು ಗ್ರೌಂಡ್‌ಗೆ ಸೇರಿಸಿ. ಸೊನ್ನೆ ಹತ್ತಿರ ಬರಬೇಕು. ಆಮೇಲೆ ಒಂದೊಂದಕ್ಕೇ 0.3 ವೋಲ್ಟ್ ಕೊಡಿ. ನಡುವಿನದ್ದು 1.5, ತುದಿಯವು 0.75 ತೋರಿಸಬೇಕು. ಮೈನಸ್ ಪಿನ್‌ನಲ್ಲಿ ಕೆಲವು ಮಿಲಿವೋಲ್ಟ್‌ಗಿಂತ ಹೆಚ್ಚು ಕಂಡರೆ ಫೀಡ್‌ಬ್ಯಾಕ್ ದಾರಿ ಬಿಟ್ಟಿದೆ, ಪವರ್ ಬಂದಿಲ್ಲ ಅಥವಾ ಔಟ್‌ಪುಟ್ ಪವರ್ ವೋಲ್ಟೇಜಿನ ಮಿತಿಗೆ ಅಂಟಿಕೊಂಡಿದೆ.

ಮುಂದೆ ವೈರ್ ತುಂಡಾಗುವ ಭಯವಿದೆ. ನಡುವಿನದ್ದು ತುಂಡಾದರೆ 34 ಇದ್ದದ್ದು 16 ಆಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಬಾಗಿಲ ಬಳಿಯದ್ದು ತುಂಡಾದರೆ 26.5 ತೋರಿಸುತ್ತದೆ. ಅದು ನಿಜದ ಹಾಗೇ ಕಾಣುತ್ತದೆ, ಫ್ಯಾನ್ ಮಾತ್ರ ಓಡುವುದಿಲ್ಲ. ತೂಕದ ಸರಾಸರಿ ಎಂದೂ ಮೂರರಲ್ಲಿ ಅತಿ ಕಡಿಮೆಯದ್ದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಬಾಗಿಲ ಬಳಿ ಒಂದು ಸಾದಾ ಥರ್ಮಾಮೀಟರ್ ತೂಗುಹಾಕಿ. ಅತಿ ತಂಪಾದ ಜಾಗ ಅದೇ. ಸರ್ಕ್ಯೂಟ್ ಅದಕ್ಕಿಂತ ಸ್ಪಷ್ಟವಾಗಿ ಕಡಿಮೆ ತೋರಿಸಿದರೆ ಮೊದಲು ವೈರ್‌ಗಳನ್ನು ನೋಡಿ.