ಹಾಪ್ ಹಾಕಿದರೂ ಅಂಗಳದ ಗೀರು ಯಾಕೆ ಹೋಗಲಿಲ್ಲ?

ಬದಿಯಡ್ಕದ ಮಾಷ್ಟ್ರೊಬ್ಬರು ಶಾಲೆಯ ಮಕ್ಕಳಿಗೆ ತೋರಿಸಲು ಹಳೆಯ ಗುತ್ತಿನ ಮನೆಯ 3ಡಿ ಪ್ರಿಂಟ್ ಮಾದರಿ ಬೇಕು ಅಂದಿದ್ದರು. ಮುಂದೆ ಅಗಲವಾದ ಅಂಗಳ, ಜಗಲಿಗೆ ಎಂಟು ಕಂಬ. ಮಾಡು ಬೇರೆಯಾಗಿ ಪ್ರಿಂಟ್ ಮಾಡಿ ಮೇಲೆ ಕೂರಿಸುವುದು. ಕಂಬದ ದಪ್ಪ 3 ಮಿ.ಮೀ., ಎತ್ತರ 40 ಮಿ.ಮೀ. ಪಿಎಲ್‌ಎ, 0.4 ನಾಝಲ್, 0.2 ಪದರ, ಸ್ಲೈಸರ್ ಕ್ಯುರಾ.

ಮೊದಲ ಪ್ರಿಂಟಿನಲ್ಲಿ ಅಂಗಳದ ಮೇಲೆ ಓರೆಯಾಗಿ ಗೀರುಗಳು ಬಿದ್ದವು. ಕಂಬಗಳು ಅರ್ಧ ಎತ್ತರ ದಾಟಿದ ಮೇಲೆ ಒಂದೊಂದೇ ಮುರಿದವು.

ಮುರಿದ ಕಂಬವನ್ನು ಎತ್ತಿ ನೋಡಿದೆ. ಬುಡ ಅಂಗಳಕ್ಕೆ ಗಟ್ಟಿಯಾಗಿ ಅಂಟಿಕೊಂಡೇ ಇತ್ತು. ಬಿರುಕು ಬಿಟ್ಟದ್ದು ಅದಕ್ಕಿಂತ ಸ್ವಲ್ಪ ಮೇಲೆ, ಎರಡು ಪದರಗಳ ನಡುವೆ. ಹಾಗಾಗಿ ಇದು ಬೆಡ್‌ಗೆ ಅಂಟದ ಸಮಸ್ಯೆ ಅಲ್ಲ. ತುದಿಯ ಅಂಚು ಮೇಲಕ್ಕೆ ಸುರುಟಿಕೊಂಡಿತ್ತು. ಇಷ್ಟು ಸಣ್ಣ ಕಂಬದ ಒಂದು ಪದರ ಕ್ಷಣದಲ್ಲಿ ಮುಗಿಯುತ್ತದೆ. ಅದು ಆರುವ ಮೊದಲೇ ಮುಂದಿನದು ಬಂದು ಕೂತರೆ ಅಂಚು ಏಳುತ್ತದೆ. ನಾಝಲ್ ಒಂದು ಕಂಬದಿಂದ ಇನ್ನೊಂದಕ್ಕೆ ಅದೇ ಎತ್ತರದಲ್ಲಿ ವೇಗವಾಗಿ ಓಡಿ ಬಂದು ಆ ಅಂಚಿಗೆ ಬಡಿಯುತ್ತದೆ. ಕಂಬ ಗಿಡ್ಡ ಇದ್ದಾಗ ತಡೆದುಕೊಳ್ಳುತ್ತದೆ. ಎತ್ತರವಾದಂತೆ ಅದೇ ಪೆಟ್ಟು ಬುಡದ ಮೇಲೆ ಜಾಸ್ತಿ ಒತ್ತಡ ಹಾಕುತ್ತದೆ.

ಓಡುವಾಗ ನಾಝಲನ್ನು ಸ್ವಲ್ಪ ಮೇಲೆತ್ತುವ `Z Hop When Retracted` ಆನ್ ಮಾಡಿ ಎತ್ತರ 0.4 ಮಿ.ಮೀ. ಕೊಟ್ಟೆ. `Minimum Layer Time` ಅನ್ನು 10 ಸೆಕೆಂಡಿಗೆ ಇಟ್ಟೆ, ಫ್ಯಾನ್ ಪೂರ್ತಿ. ಕಂಬಗಳು ನಿಂತವು. ಆದರೆ ಅಂಗಳದ ಗೀರು ಮಾತ್ರ ಹಾಗೇ ಇತ್ತು. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಈ ಜಾಗವೇ.

ಹಾಪ್ ಸೆಟ್ಟಿಂಗಿನ ಹೆಸರನ್ನೇ ಗಮನಿಸಿ. ಫಿಲಮೆಂಟ್ ಹಿಂದಕ್ಕೆ ಎಳೆದಾಗ ಮಾತ್ರ ನಾಝಲ್ ಏಳುತ್ತದೆ. ಕಂಬದಿಂದ ಕಂಬಕ್ಕೆ ಹೋಗುವಾಗ ನಾಝಲ್ ವಸ್ತುವಿನಿಂದ ಹೊರಗೆ ಬರಬೇಕು, ಆಗ ಎಳೆತ ಆಗುತ್ತದೆ, ಹಾಪ್ ಕೂಡ ಬರುತ್ತದೆ. ಅಂಗಳದ ಕಥೆ ಬೇರೆ, ಅಲ್ಲಿ ಕ್ಯುರಾದ ಕೋಂಬಿಂಗ್ ಕೆಲಸ ಮಾಡುತ್ತದೆ. ಕೋಂಬಿಂಗ್ ಅಂದರೆ ನಾಝಲನ್ನು ಆದಷ್ಟು ವಸ್ತುವಿನ ಒಳಗೇ ಓಡಿಸುವುದು. ಸೋರಿದ ಪ್ಲಾಸ್ಟಿಕ್ ಒಳಗೇ ಬೀಳುತ್ತದೆ, ಎಳೆಯುವುದು ಬೇಡ ಅನ್ನುವ ಲೆಕ್ಕ. ಒಳಗೆ ತುಂಬುವ, ಹೊರಗೆ ಕಾಣದ ಇನ್‌ಫಿಲ್ ಮೇಲೆ ಅದು ಸರಿ. ಆದರೆ ಅಂಗಳದ ಕೊನೆಯ ಪದರ ಪೂರ್ತಿ ಹೊರಗೆ ಕಾಣುವ ಮೇಲ್ಮೈ. ಎಳೆತ ಇಲ್ಲ, ಆದ್ದರಿಂದ ಹಾಪ್ ಇಲ್ಲ. ನಾಝಲ್ ಈಗಷ್ಟೇ ಹಾಕಿದ ಮೈಯನ್ನೇ ಉಜ್ಜಿಕೊಂಡು ಹೋಗುತ್ತದೆ.

ಸ್ಲೈಸರ್ ಯಂತ್ರಕ್ಕೆ ಬರೆದುಕೊಡುವ ಜಿಕೋಡ್ ತೆರೆದರೆ ಇದು ಕಣ್ಣಿಗೇ ಕಾಣುತ್ತದೆ. ಹಾಪ್ ಇರುವ ಓಟ ಹೀಗಿರುತ್ತದೆ:

```
G1 F2700 E412.5
G1 F300 Z3.4
G0 F9000 X92 Y60
G1 F300 Z3
G1 F2700 E417.5
```

ಗೀರು ಬಿದ್ದ ಜಾಗದಲ್ಲಿ `G0` ಸಾಲು ಮಾತ್ರ ಇತ್ತು. ಅದರ ಹಿಂದೆ ಮುಂದೆ `E` ಎಳೆತವೂ ಇಲ್ಲ, `Z` ಏರಿಕೆಯೂ ಇಲ್ಲ. ಜಿಕೋಡ್ ಓದುವುದು ಬೇಡ ಅನ್ನುವವರು ಪ್ರಿವ್ಯೂನಲ್ಲಿ `Travels` ಟಿಕ್ ಮಾಡಿ ಆ ಪದರಕ್ಕೆ ಬರಲಿ. ಕೋಂಬಿಂಗ್ ಓಟ ಗಾಢ ನೀಲಿ, ಎಳೆತ ಇರುವ ಓಟ ತಿಳಿ ನೀಲಿ. ನನ್ನ ಗೀರುಗಳೆಲ್ಲ ಗಾಢ ನೀಲಿ ಗೆರೆಗಳ ಮೇಲೇ ಕೂತಿದ್ದವು.

`Combing Mode` ಅನ್ನು `Not in Skin` ಮಾಡಿದೆ. ಈಗ ಮೇಲ್ಮೈ ದಾಟಬೇಕಾದಾಗ ಎಳೆದು, ಎದ್ದು, ದಾಟಿ ಇಳಿಯುತ್ತದೆ. ಅಂಗಳ ಸ್ವಚ್ಛವಾಗಿ ಬಂತು. ಕೋಂಬಿಂಗ್ ಪೂರ್ತಿ ಆಫ್ ಮಾಡುವುದು ನನಗೆ ಇಷ್ಟವಿಲ್ಲ. ಆಗ ಇನ್‌ಫಿಲ್ ಒಳಗೂ ಸುಮ್ನೆ ಎಳೆತಗಳು ಹೆಚ್ಚುತ್ತವೆ, ಸಮಯ ಹೋಗುತ್ತದೆ, ಒಂದೇ ತುಂಡು ಫಿಲಮೆಂಟನ್ನು ಗೇರ್ ಮತ್ತೆ ಮತ್ತೆ ಕಚ್ಚಿ ಸವೆಸುತ್ತದೆ.

ಗೀರನ್ನು ಉಗುರಿನಿಂದ ಸವರಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಉಬ್ಬು ಸಿಕ್ಕರೆ ಅದು ದಾರಿಯಲ್ಲಿ ಸೋರಿದ ಪ್ಲಾಸ್ಟಿಕ್. ಮೇಲೆ ಹೇಳಿದ ಕೋಂಬಿಂಗ್ ಬದಲಾವಣೆ ಅದಕ್ಕೆ ಸಾಕು. ಹಳ್ಳ ಸಿಕ್ಕರೆ ನಾಝಲ್ ಕೆರೆದಿದೆ ಅಂತ ಅರ್ಥ. ಮೇಲ್ಮೈಯೇ ತುಂಬಿ ಉಬ್ಬಿರಬಹುದು, ಫ್ಲೋ ಸ್ವಲ್ಪ ಇಳಿಸಿ ನೋಡಬೇಕು. ಹಾಪ್ ಹಾಕಿ ಇದನ್ನು ಮುಚ್ಚಿಡಬಾರದು.

ಹಾಪ್ ಜಾಸ್ತಿ ಕೊಟ್ಟರೆ ಒಳ್ಳೆಯದು ಅಂತ 1 ಮಿ.ಮೀ. ಇಡುವವರಿದ್ದಾರೆ. ಲೀಡ್ ಸ್ಕ್ರೂ ಇರುವ ಯಂತ್ರಗಳಲ್ಲಿ ಝಡ್ ನಿಧಾನ. ಏರಿ ಇಳಿಯುವ ಹೊತ್ತಿಗೆ ನಾಝಲ್ ಇನ್ನಷ್ಟು ಸೋರುತ್ತದೆ, ಕಂಬಗಳ ನಡುವೆ ನೂಲು ಕಟ್ಟುತ್ತದೆ. ನೂಲಿನ ತುದಿ ಕಂಬದ ಮೇಲೆ ಗಂಟಾದರೆ ಮುಂದಿನ ಸುತ್ತಿಗೆ ಬಡಿಯಲು ಇನ್ನೊಂದು ಕಾರಣ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಇದು ಇನ್ನೂ ಕೆಟ್ಟದು, ಫಿಲಮೆಂಟ್ ತೇವ ಹೀರಿಕೊಂಡು ಹೆಚ್ಚು ಸೋರುತ್ತದೆ. ಜೂನ್ ಬಂದರೆ ನಾನು ಪಿಎಲ್‌ಎಯನ್ನು 45–50 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿಯೇ ಹಾಕುವುದು. ಒಣಗಿದ ಫಿಲಮೆಂಟಿಗೆ 0.2ರಿಂದ 0.4ರ ಹಾಪ್ ಸಾಕು.

ಇನ್ನೊಂದು ಮಿತಿ ಇದೆ. ಹಾಪ್ ಕೆಲಸ ಮಾಡುವುದು ಓಟದಲ್ಲಿ ಮಾತ್ರ. ಪ್ಲಾಸ್ಟಿಕ್ ಹಾಕುವಾಗ ನಾಝಲ್ ತನ್ನ ಎತ್ತರದಲ್ಲೇ ಇರುತ್ತದೆ. ಸುರುಟಿದ ಅಂಚು ಆಗಲೂ ತಾಗುತ್ತದೆ. ಅದಕ್ಕೇ ತಣಿಸುವಿಕೆ ಮೊದಲು, ಹಾಪ್ ಆಮೇಲೆ. ಕಂಬ 2 ಮಿ.ಮೀ.ಗಿಂತ ಸಪೂರ ಇದ್ದರೆ ನಾನು ಈ ಸೆಟ್ಟಿಂಗ್‌ಗಳ ಜೊತೆ ಹೋರಾಡುವುದೇ ಇಲ್ಲ. ಕಂಬಗಳನ್ನು ಮಲಗಿಸಿ ಬೇರೆಯಾಗಿ ಪ್ರಿಂಟ್ ಮಾಡಿ, ಅಂಗಳದಲ್ಲಿ ತೂತು ಬಿಟ್ಟು, ಅಂಟು ಹಾಕಿ ನಿಲ್ಲಿಸುತ್ತೇನೆ.