ಕೂಸು ಬಟನ್ ಸೆಲ್ ನುಂಗಿದರೆ: ಮೊದಲ ಎರಡು ತಾಸು

ಅಣ್ಣಿಗೇರಿಯ ಒಂದು ಮನೆ ಅಂದುಕೊಳ್ಳಿ. ಸಂಜೆ ಆರು ಗಂಟೆ. ಪುಟ್ಟ ರಿಮೋಟ್ ನೆಲಕ್ಕೆ ಬಿದ್ದು ಹಿಂದಿನ ಮುಚ್ಚಳ ಬಿಚ್ಚಿಕೊಂಡಿದೆ, ಒಳಗಿದ್ದ ಚಪ್ಪಟೆ ಸೆಲ್ ಎಲ್ಲಿಯೂ ಕಾಣುತ್ತಿಲ್ಲ. ಒಂದೂವರೆ ವರ್ಷದ ಕೂಸು ಜೊಲ್ಲು ಸುರಿಸುತ್ತಿದೆ, ಕೊಟ್ಟ ಬಿಸ್ಕಿಟ್ ದೂಡುತ್ತಿದೆ. 'ಬಾಳಿಹಣ್ಣು ತಿನ್ನಸ್ರಿ, ನಾಳೆ ಸಂಡಾಸದಾಗ ಹೊರಗ ಬರ್ತೈತಿ' ಅನ್ನುತ್ತಾಳೆ ಅಜ್ಜಿ. 'ಉಪ್ಪಿನ ನೀರು ಕುಡಿಸಿ ವಾಂತಿ ಮಾಡಸೋಣು' ಅನ್ನುತ್ತಾನೆ ಕಾಕಾ. ಸಣ್ಣ ನಾಣ್ಯ ನುಂಗಿದಾಗ ಅಜ್ಜಿಯ ಮಾತು ಎಷ್ಟೋ ಸಲ ನಿಜವಾಗುತ್ತದೆ. ಸೆಲ್ ವಿಷಯದಲ್ಲಿ ನಾಳೆಯವರೆಗೆ ಕಾಯುವಂತಿಲ್ಲ. ಕಾಕಾನ ಉಪಾಯವಂತೂ ಯಾವುದಕ್ಕೂ ಬೇಡ.

ಇಂಥ ರಿಮೋಟಿನಲ್ಲಿ, ಕಾರಿನ ಕೀಲಿಯಲ್ಲಿ, ಅಂಗಡಿಯ ಪುಟ್ಟ ತಕ್ಕಡಿಯಲ್ಲಿ ಇರುವುದು ಹೆಚ್ಚಾಗಿ 'ಸಿಆರ್ 2032' ಅನ್ನುವ 3 ವೋಲ್ಟಿನ ಲಿಥಿಯಂ ಸೆಲ್. ಅಗಲ 20 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು. ಒಂದೆರಡು ವರ್ಷದ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಸರಿಯಾದ ಅಳತೆ ಅದು. ಅಲ್ಲಿ ಸಿಕ್ಕಿಕೊಂಡರೆ ಸೆಲ್ಲಿನ ಎರಡೂ ಬದಿಗೆ ಹಸಿ ಚರ್ಮ ತಾಗಿ ಕರೆಂಟ್ ಹರಿಯತೊಡಗುತ್ತದೆ. ಆಗ ಸೆಲ್ಲಿನ ಋಣ ತುದಿಯ ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ, ಅದು ಅನ್ನನಾಳದ ಗೋಡೆಯನ್ನು ಕರಗಿಸುತ್ತ ಹೋಗುತ್ತದೆ. ಸುಡುವುದು ಇದೇ ಕ್ಷಾರ. ಸೆಲ್ ಸೋರಿ ಒಳಗಿನ ವಿಷ ಹರಡುವುದರಿಂದ ಆಗುವ ಹಾನಿ ಇದಲ್ಲ, ಆದ್ದರಿಂದ ಸೆಲ್ ಹೊಸದಿದ್ದು ಗಟ್ಟಿಯಾಗಿತ್ತು ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ರಿಮೋಟ್ ಓಡಿಸಲಾಗದ ಹಳೆಯ ಸೆಲ್ಲಿನಲ್ಲೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಎರಡು ತಾಸಿನಲ್ಲಿಯೇ ಗಂಭೀರ ಗಾಯ ಆಗಬಹುದು.

ಕೆಲವು ಮಕ್ಕಳಿಗೆ ಆರಂಭದಲ್ಲಿ ಏನೂ ಆಗುವುದಿಲ್ಲ, ನಗುತ್ತ ಆಡುತ್ತಿರುತ್ತವೆ. ಇನ್ನು ಕೆಲವಕ್ಕೆ ಜೊಲ್ಲು, ಕೆಮ್ಮು, ವಾಂತಿ, ಊಟ ಬೇಡ ಅನ್ನುವುದು. ನೆಗಡಿ ಇರಬೇಕು ಎಂದು ಔಷಧಿ ಅಂಗಡಿಯ ಸಿರಪ್ ಕೊಟ್ಟು ಮಲಗಿಸಿಬಿಡುವುದು ಇಲ್ಲಿಯೇ. ಸೆಲ್ ಕಳೆದಿದೆ, ಕೂಸು ಹತ್ತಿರವಿತ್ತು. ಇಷ್ಟು ಸಾಕು, ನುಂಗಿದೆ ಎಂದೇ ಹಿಡಿದು ಹೊರಡಿ.

ಮನೆಯಿಂದ ಹೊರಡುವ ಮೊದಲು

ಮಗುವಿಗೆ ಒಂದು ವರ್ಷ ತುಂಬಿದ್ದರೆ, ನುಂಗಿ 12 ತಾಸು ಕಳೆದಿರದಿದ್ದರೆ, ಅದು ಸರಿಯಾಗಿ ನುಂಗಬಲ್ಲದಾದರೆ ಎರಡು ಚಹಾ ಚಮಚ, ಅಂದರೆ 10 ಮಿಲಿಲೀಟರ್ ಜೇನುತುಪ್ಪ ಕೊಡಿ. ಜೇನು ಸೆಲ್ಲಿನ ಸುತ್ತ ಲೇಪವಾಗಿ ಕ್ಷಾರವನ್ನು ಸ್ವಲ್ಪ ತಗ್ಗಿಸುತ್ತದೆ, ಹಾನಿ ನಿಧಾನವಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೀಗೆ ಆರು ಸಲದವರೆಗೆ, ದಾರಿಯಲ್ಲಿಯೇ ಕೊಡಬಹುದು. ಮನೆಯಲ್ಲಿ ಜೇನು ಇಲ್ಲವೆಂದರೆ ಬಿಡಿ, ಅಂಗಡಿಗೆ ಹುಡುಕಿಕೊಂಡು ಹೋಗಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು, ಅದರಿಂದ ಬೊಟುಲಿಸಂ ಅನ್ನುವ ಬೇರೆಯೇ ಅಪಾಯವಿದೆ. ಜೇನು ಬಿಟ್ಟು ಹಾಲು, ಬಾಳೆಹಣ್ಣು, ಔಡಲೆಣ್ಣೆ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡಬೇಕಾಗುತ್ತದೆ, ಹೊಟ್ಟೆ ಖಾಲಿ ಇದ್ದರೆ ಒಳ್ಳೆಯದು. ಗಂಟಲಿಗೆ ಬೆರಳು ಹಾಕಿ ಹುಡುಕಬೇಡಿ.

ಅದೇ ರಿಮೋಟನ್ನು ಚೀಲಕ್ಕೆ ಹಾಕಿಕೊಳ್ಳಿ. ಅಂಥದೇ ಇನ್ನೊಂದು ಸೆಲ್ ಇದ್ದರೆ ಅದನ್ನೂ ತನ್ನಿ. ಅದರ ಮೇಲಿನ ಸಂಖ್ಯೆ ನೋಡಿದರೆ ವೈದ್ಯರಿಗೆ ಅಳತೆ ಗೊತ್ತಾಗುತ್ತದೆ. ಸೆಲ್ ಕೊನೆಗೆ ಕಣ್ಣಿಗೆ ಬಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ.

ಎಲ್ಲಿಗೆ ಹೋಗಬೇಕು

ಬೇಕಾಗಿರುವುದು ಎರಡು: ಎಕ್ಸ್-ರೇ, ಮತ್ತು ಮಗುವಿಗೆ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿ ಮಾಡುವವರು, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಸೆಲ್ ತೆಗೆಯುವವರು. ಎರಡೂ ಒಂದೇ ಕಡೆ ಇದ್ದರೆ ಸಮಯ ಉಳಿಯುತ್ತದೆ. ನಮ್ಮ ಅಣ್ಣಿಗೇರಿ ಮನೆಯವರಿಗೆ ಗದಗವೂ ಇದೆ, ಹುಬ್ಬಳ್ಳಿಯೂ ಇದೆ. ಒಬ್ಬರು ಮಗುವನ್ನು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಆಸ್ಪತ್ರೆಗೆ ಫೋನ್ ಹಚ್ಚಿ, 'ಕೂಸು ಬಟನ್ ಸೆಲ್ ನುಂಗೇತ್ರಿ, ಈಗ ಎಂಡೋಸ್ಕೋಪಿ ಮಾಡ್ತಾರೇನ್ರಿ?' ಎಂದು ನೇರವಾಗಿ ಕೇಳಬೇಕು. ಇಲ್ಲವೆಂದರೆ ಗಾಡಿ ಹತ್ತುವ ಮೊದಲೇ ದಾರಿ ಬದಲಿಸಬಹುದು. ಉಸಿರಾಟಕ್ಕೆ ತೊಂದರೆ ಇದ್ದರೆ ಮಾತ್ರ ಈ ಲೆಕ್ಕವೆಲ್ಲ ಬಿಟ್ಟು 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೇ ಹೋಗಬೇಕು.

ಆಸ್ಪತ್ರೆಯ ಬಾಗಿಲಲ್ಲಿ 'ಮಗುವಿಗೆ ಹುಷಾರಿಲ್ಲ' ಅಂದರೆ ಸರದಿಯಲ್ಲಿ ಕೂರಿಸುತ್ತಾರೆ. ಮೊದಲ ಮಾತೇ 'ಬಟನ್ ಸೆಲ್' ಆಗಿರಲಿ. ಎಕ್ಸ್-ರೇ ಚಿತ್ರದಲ್ಲಿ ನಾಣ್ಯವೂ ಸೆಲ್ಲೂ ದುಂಡಗೆ ಬಿಳಿಯಾಗಿಯೇ ಕಾಣುತ್ತವೆ. ಸೆಲ್ಲಿಗೆ ಅಂಚಿನ ಒಳಗೆ ಇನ್ನೊಂದು ಬಳೆಯಂಥ ಗೆರೆ ಇರುತ್ತದೆ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ನಾಣ್ಯ ಎಂದು ಯಾರಾದರೂ ನಿಮ್ಮನ್ನು ಮನೆಗೆ ಕಳಿಸುತ್ತಿದ್ದರೆ ಈ ಎರಡನ್ನು ನೋಡಿದ್ದೀರಾ ಎಂದು ಕೇಳಲು ಸಂಕೋಚ ಬೇಡ.

ಸೆಲ್ ಅನ್ನನಾಳದಲ್ಲಿದ್ದರೆ ತಕ್ಷಣ ತೆಗೆಯುತ್ತಾರೆ. ಹೊಟ್ಟೆಗೆ ಇಳಿದಿದ್ದರೆ ಮಗುವಿನ ವಯಸ್ಸು, ಸೆಲ್ಲಿನ ಅಳತೆ, ಲಕ್ಷಣ ನೋಡಿ ತೆಗೆಯುವುದೋ ಕಾಯುವುದೋ ಎಂದು ವೈದ್ಯರು ನಿರ್ಧರಿಸುತ್ತಾರೆ. ತೆಗೆದು ಮನೆಗೆ ಬಂದ ಮೇಲೂ ಕೆಲವು ವಾರ ಎಚ್ಚರ ಬೇಕು. ಸುಟ್ಟ ಗೋಡೆ ತೆಳ್ಳಗಾಗುತ್ತ ಹೋಗಿ ಪಕ್ಕದ ದೊಡ್ಡ ರಕ್ತನಾಳಕ್ಕೆ ತೂತು ಬೀಳಬಹುದು. ವಾಂತಿಯಲ್ಲಿ ಚೂರೇ ರಕ್ತ ಕಂಡರೂ, ಮಲ ಡಾಂಬರಿನಂತೆ ಕಪ್ಪಾದರೂ ಅದೇ ಕ್ಷಣ ಆಸ್ಪತ್ರೆ.

ಮೂಗು ಅಥವಾ ಕಿವಿಗೆ ಸೆಲ್ ತುರುಕಿಕೊಂಡಿದ್ದರೂ ಅವಸರ ಇಷ್ಟೇ. ಎಣ್ಣೆ, ಡ್ರಾಪ್ಸ್ ಹಾಕಿದರೆ ಹಸಿ ಹೆಚ್ಚಾಗಿ ಸುಡುವಿಕೆ ಹೆಚ್ಚುತ್ತದೆ.

ಚಿಮಣಿ ಎಣ್ಣೆ, ಆ್ಯಸಿಡ್ ಆದರೆ

ಇಲ್ಲಿ ಜೇನು ಇಲ್ಲ, ವಾಂತಿಯೂ ಇಲ್ಲ. ಚಿಮಣಿ ಎಣ್ಣೆ ಬಹಳ ತೆಳುವು. ಹೊಟ್ಟೆಯಲ್ಲಿ ಅದು ಮಾಡುವ ಹಾನಿ ಕಡಿಮೆ, ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ. ವಾಂತಿ ಮಾಡಿಸಿದರೆ ಅದು ಮೇಲೆ ಬರುವಾಗ ಪುಪ್ಪುಸಕ್ಕೆ ಹೋಗಲು ಇನ್ನೊಂದು ಅವಕಾಶ ಕೊಟ್ಟಂತೆ. ಹಾಲು, ಎಣ್ಣೆ ಕುಡಿಸುವುದೂ ವಾಂತಿಗೇ ದಾರಿ. ತೊಯ್ದ ಅಂಗಿ ಬಿಚ್ಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ತಾನಾಗಿಯೇ ವಾಂತಿ ಬಂದರೆ ಪಕ್ಕಕ್ಕೆ ಮಗ್ಗಲು ಮಾಡಿ ಹಿಡಿದುಕೊಂಡು ಹೊರಡಿ. ಕುಡಿದ ಕೂಡಲೇ ಕೆಮ್ಮಿದ್ದರೆ, ಉಸಿರು ವೇಗವಾಗಿದ್ದರೆ ಪುಪ್ಪುಸಕ್ಕೆ ಹೋಗಿದೆ ಎಂದೇ ತಿಳಿಯಬೇಕು. ಆರಾಮ ಕಂಡರೂ ಆಸ್ಪತ್ರೆಯಲ್ಲಿ ಸುಮಾರು ಆರು ತಾಸು ನೋಡುತ್ತಾರೆ, ಬೇಸರ ಮಾಡಿಕೊಂಡು ಎದ್ದು ಬರಬೇಡಿ. ಪೇಂಟಿನ ಥಿನ್ನರ್‌ಗೂ ಇದೇ ನಿಯಮ.

ಸಂಡಾಸು ತೊಳೆಯುವ ಆ್ಯಸಿಡ್, ಬ್ಲೀಚ್, ಪೈಪಿನ ಕಟ್ಟು ಬಿಡಿಸುವ ಪುಡಿ ಇವು ಇಳಿಯುವಾಗ ಒಮ್ಮೆ ಸುಡುತ್ತವೆ, ವಾಂತಿಯಾದರೆ ಮತ್ತೊಮ್ಮೆ. ಬಾಯಿ ಒರೆಸಿ, ನೀರಿನಿಂದ ತೊಳೆಯಿರಿ. ಲಿಂಬೆರಸ, ಸೋಡಾಪುಡಿ ಕೊಟ್ಟು ಸರಿಮಾಡಲು ಹೋಗಬೇಡಿ. ಕಣ್ಣಿಗೆ ಸಿಡಿದಿದ್ದರೆ ಮೊದಲು ಅಲ್ಲಿಯೇ ನಲ್ಲಿಯ ಸಣ್ಣ ಧಾರೆಯಲ್ಲಿ 15-20 ನಿಮಿಷ ತೊಳೆದು ಆಮೇಲೆ ಹೊರಡಬೇಕು. ಬಾಟಲಿಯನ್ನು ಜೊತೆಗೆ ಒಯ್ಯಿರಿ. ತೊಂದರೆ ಏನೆಂದರೆ ನಮ್ಮಲ್ಲಿ ಈ ದ್ರವಗಳು ಬಹುಪಾಲು ಖಾಲಿ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಗಳಲ್ಲಿಯೇ ಇರುತ್ತವೆ, ಮೇಲೆ ಹೆಸರೂ ಇಲ್ಲ. ಮಗು ಕುಡಿಯುವುದಕ್ಕೂ ಅದೇ ಕಾರಣ. ಬಾಟಲಿ ಬದಲಿಸದೆ ಇಡುವುದೊಂದೇ ಇದಕ್ಕಿರುವ ಉಪಾಯ.

ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800-116-117. ಯಾವ ದ್ರವ, ಎಷ್ಟು ಕುಡಿದಿದೆ ಎಂದು ಗಾಡಿಯಲ್ಲಿ ಕೂತೇ ಕೇಳಬಹುದು. ಆ ಫೋನಿಗಾಗಿ ಹೊರಡುವುದನ್ನು ತಡಮಾಡಬೇಡಿ.

ಇನ್ನು ಜಾತ್ರೆಯ ಮಿಣುಕು ಆಟಿಕೆಗಳು. ಮೂರು ಪುಟ್ಟ ಸೆಲ್, ಉಗುರಿನಿಂದಲೇ ತೆರೆಯುವ ಮುಚ್ಚಳ. ಸ್ಕ್ರೂ ಇರುವುದನ್ನಷ್ಟೇ ತನ್ನಿ. ಸಿಕ್ಕದಿದ್ದರೆ ಮುಚ್ಚಳದ ಮೇಲೆ ಗಟ್ಟಿ ಟೇಪ್ ಸುತ್ತಿಕೊಡಿ. ತೆಗೆದ ಹಳೆಯ ಸೆಲ್ಲಿಗೂ ಎರಡೂ ಬದಿಗೆ ಟೇಪ್ ಹಚ್ಚಿ, ಅದೇ ದಿನ ಮಗುವಿನ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಟಿವಿ ಮೇಲೆ ಇಟ್ಟು ನಾಳೆ ನೋಡಿದರಾಯಿತು ಅಂದ ಸೆಲ್ಲೇ ಸಾಮಾನ್ಯವಾಗಿ ಕಳೆಯುವುದು.